ಹಾಲಿನ ಕಾಕಾನ ವಾಯ್ಸ್ ಮೆಸೇಜು

ವಿಜಯಪುರದ ನಮ್ಮ ಓಣಿಗೆ ಎಮ್ಮೆ ಹಾಲು ಹಾಕುವ ಕಾಕಾಗೆ ಯಾರ ಹೆಸರೂ ಗೊತ್ತಿಲ್ಲ. ಬೇವಿನ ಗಿಡದ ಮನಿ, ನಾಯಿ ಮನಿ, ಮ್ಯಾಲಿನ ಮಾಸ್ತರ ಮನಿ, ಅಷ್ಟೇ. ರೊಕ್ಕ ಕೈಗೇ ಬರುತ್ತಿದ್ದಾಗ ಇದು ಸರಿಯಾಗೇ ನಡೆದಿತ್ತು.

ಜನವರಿಯಲ್ಲಿ ಅವರ ಮಗ ತನ್ನ ಹೆಂಡತಿಯ ಖಾತೆಗೆ ಕ್ಯೂಆರ್ ಕೋಡ್ ಮಾಡಿಸಿಕೊಟ್ಟ. ದಿನಕ್ಕೆ ಒಂದು ಲೀಟರ್, ಲೀಟರಿಗೆ 60 ರೂಪಾಯಿ, 31 ದಿನಕ್ಕೆ 1,860. ತಲಾ 1,860 ಮೂರು ಕಡೆಯಿಂದ ಬಂತು. ಒಂದು ಪುಣೆಯಲ್ಲಿರುವ ಯಾರದೋ ಮಗನ ಹೆಸರಲ್ಲಿ, ಇನ್ನೊಂದು ಯಾರದೋ ಅಳಿಯನ ಹೆಸರಲ್ಲಿ. ಮೂರನೆಯದು ಯಾರದು ಅಂತ ಈಗಲೂ ವಾದ ಇದೆ. ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆಯೇ ಹೊರತು ಬೇವಿನ ಗಿಡ ಬರುವುದಿಲ್ಲವಲ್ಲ.

ಈ ಕಡೆ ಸ್ಕ್ಯಾನ್ ಮಾಡಿದವರಿಗೆ ಕಂಡದ್ದು ಹೆಣ್ಣುಮಗಳ ಹೆಸರು. "ಕಾಕಾನ ಹಾಲಿಗೆ ಇವಳ್ಯಾರವ್ವಾ" ಅಂತ ಅರ್ಧ ಓಣಿ ಅಲ್ಲಿಗೇ ನಿಂತಿತು. ಹೆಸರು ಬೇರೆ ಬಂದರೆ ನಿಲ್ಲಬೇಕಾದ್ದೇ. ಆದರೆ ಯಾರೂ ಕೇಳಲಿಲ್ಲ, ಸುಮ್ನೆ ನಿಂತರು.

ಕಾಕಾ ಗ್ರೂಪಿಗೆ ಕೋಡಿನ ಫೋಟೋ ಹಾಕಿ, ಜೊತೆಗೊಂದು ವಾಯ್ಸ್ ಮೆಸೇಜ್ ಬಿಟ್ಟರು. ಅದರಲ್ಲಿ ಜಾಸ್ತಿ ಇದ್ದದ್ದು ಹಿಂಡಿ ತುಟ್ಟಿಯಾದ ಕಥೆ. ನಡುವೆ ಎಮ್ಮೆಯೂ ಎರಡು ಮಾತು ಆಡಿತು. ಕೊನೆಗೆ, "ಕೋಡ್ ಹಾಕೀನಿ, ಸ್ಕ್ಯಾನ್ ಮಾಡ್ರಿ." ಕೋಡ್ ಬಂದದ್ದೂ ಅದೇ ಫೋನಿಗೆ, ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನಿನಿಂದ! ಬೇವಿನ ಗಿಡದ ಮನೆಯ ವೈನಿ ಫೋನನ್ನು ಕನ್ನಡಿಗೆ ಹಿಡಿದರು. ಕೋಡ್ ತೆರೆದರೆ ಕ್ಯಾಮೆರಾ ಇಲ್ಲ, ಕ್ಯಾಮೆರಾ ತೆರೆದರೆ ಕೋಡ್ ಇಲ್ಲ. ಗ್ಯಾಲರಿಯಿಂದ ಆ ಫೋಟೋ ಆರಿಸಬಹುದು ಅಂತ ಅವರಿಗೆ ಹೇಳುವವರು ಯಾರು?

ಕಡೆಗೆ ನಾನೇ ಬರೆದುಕೊಟ್ಟೆ. ಎಮ್ಮೆಯಿಂದ ದೂರ ನಿಂತು ಓದಬೇಕು ಅನ್ನೋದು ಕರಾರು.

"ನಮಸ್ಕಾರ್ರೀ, ನಾ ಹಾಲಿನ ಕಾಕಾ. ನಿಮ್ಮ ತಿಂಗಳ ಲೆಕ್ಕ ಹಾಲಿನ ಕಾರ್ಡಿನಾಗ ಬರದೀನಿ. ಐದನೇ ತಾರೀಖಿನೊಳಗ ರೊಕ್ಕ ಹಾಕ್ರಿ. ಮುಂಜಾನೆ ಹಾಲು ತಂದಾಗ ಕ್ಯಾನಿಗೆ ಹಚ್ಚಿದ ಕೋಡ್ ಸ್ಕ್ಯಾನ್ ಮಾಡ್ರಿ. ನನ್ನ ಸೊಸಿ ಹೆಸರು ಬರ್ತೈತಿ, ಗಾಬರಿ ಆಗಬ್ಯಾಡ್ರಿ. ಬ್ಯಾರೆ ಹೆಸರು ಬಂದ್ರ ಮುಂದ ಹೋಗಬ್ಯಾಡ್ರಿ. ಎಷ್ಟು ಅಂತ ನೀವೇ ಒತ್ತಬೇಕು. ಕೆಳಗ ನೋಟ್ ಅಂತ ಜಾಗ ಐತಿ, ಅಲ್ಲಿ ನಿಮ್ಮ ಮನಿ ಗುರುತು, ತಿಂಗಳು ಬರೀರಿ. ಪೆಂಡಿಂಗ್ ಅಂತ ಬಂದ್ರ ಮತ್ತ ಹಾಕಬ್ಯಾಡ್ರಿ, ನನಗ ಫೋನ್ ಮಾಡ್ರಿ. ನಿಮ್ಮ ಪಿನ್ ನಾ ಎಂದೂ ಕೇಳಂಗಿಲ್ಲ."

ಪೆಂಡಿಂಗ್ ಮಾತು ಸೇರಿಸಿದ್ದು ಮಾಸ್ತರ ಸಲುವಾಗಿ. ನೆಟ್ ಸಿಗದೆ ರೊಕ್ಕ ನಡುವೆ ನಿಂತಿತು ಅಂತ ಅವರು ಮತ್ತೆ ಒತ್ತಿದ್ದರು. ಆಮೇಲೆ ಎರಡೂ ಮುಟ್ಟಿದವು. ಅವರಿಗೆ ಒಂದು ತಿಂಗಳ ಹಾಲು ಮುಂಗಡ.

ಫೆಬ್ರುವರಿ ಲೆಕ್ಕ ಚೆನ್ನಾಗಿ ಬಂತು. ಎಲ್ಲರೂ ನೋಟ್ ಬರೆದಿದ್ದರು. ವೈನಿಯಂತೂ ಕಾಳಜಿಯಿಂದ ಬರೆದಿದ್ದರು: "ಬೇವಿನ ಗಿಡ, ಫೆಬ್ರುವರಿ. 12ನೇ ತಾರೀಖು ಹಾಲಿನಾಗ ನೀರಿತ್ತು." ಖಾತೆ ಸೊಸೆಯದಲ್ವಾ, ಮೊದಲು ಓದಿದವಳೂ ಅವಳೇ. ಅವತ್ತು ಕ್ಯಾನ್ ತುಂಬಿಸಿದವಳೂ ಅವಳೇ.