ಸ್ಪಷ್ಟನೆ: ಅಪ್ಪೆಮಿಡಿ ಜಾಡಿಗೆ ಶೇರ್ ಬೇಕಿಲ್ಲ

"ಪೋಸ್ಟನ್ನ ಶೇರ್ ಮಾಡಿ ಮೂರು ಜನರನ್ನ ಟ್ಯಾಗ್ ಮಾಡಿದ್ರೆ ಮಾತ್ರ ಉಪ್ಪಿನಕಾಯಿ ಗಿವ್‌ಅವೇಗೆ ಸೇರಿಸ್ಕೊಳ್ತಾರಂತೆ, ಹೌದಾ?"

ಇಲ್ಲ. ಸಾಗರದ ನಮ್ಮ ಅಂಗಡಿಯ ಪೋಸ್ಟಿನಲ್ಲಿ ಹಾಗೆ ಬರೆದಿಲ್ಲ. ಟೈಮ್‌ಲೈನಿನಲ್ಲಿ ಶೇರ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ ಅಂತ ಷರತ್ತು ಹಾಕಲು ಫೇಸ್‌ಬುಕ್ ನಿಯಮವೇ ಬಿಡುವುದಿಲ್ಲ. ಮೂಲ ಪೋಸ್ಟಿನಡಿ ಒಂದು ಕಾಮೆಂಟ್ ಸಾಕು: ನಿಮ್ಮ ಮನೆಯಲ್ಲಿ ಮಿಡಿಯನ್ನು ಎಷ್ಟು ದಿನ ಉಪ್ಪಿನಲ್ಲಿ ಇಡುತ್ತೀರಿ? ಹತ್ತು ಕಾಮೆಂಟ್ ಹಾಕಿದರೂ ಒಬ್ಬರಿಗೆ ಒಂದೇ ಚೀಟಿ. 18 ವರ್ಷ ತುಂಬಿರಬೇಕು, ವಿಳಾಸ ಶಿವಮೊಗ್ಗ ಜಿಲ್ಲೆಯದಿರಬೇಕು. ಜಾಡಿ ತಲುಪಿಸುವವರು ನಾವೇ ಅಲ್ವಾ!

ಮೇ 20ರ ರಾತ್ರಿ 9ಕ್ಕೆ ಮುಗಿಯುತ್ತದೆ. ಮರುದಿನ ಬೆಳಿಗ್ಗೆ 11ಕ್ಕೆ ಲೈವ್‌ನಲ್ಲೇ ಡಬ್ಬಿಯಿಂದ ಮೂರು ಚೀಟಿ ಎತ್ತುತ್ತೇವೆ. ಉತ್ತರ ಚೆನ್ನಾಗಿದೆ ಅಂತ ಆರಿಸುವುದಿಲ್ಲ. ಸ್ಪರ್ಧೆ ನಮ್ಮದು, ಫೇಸ್‌ಬುಕ್‌ಗೂ ಇದಕ್ಕೂ ಸಂಬಂಧವಿಲ್ಲ. ಗೆದ್ದಿದ್ದೀರಿ ಅಂತ ಹೇಳಿ ಒಟಿಪಿಯೋ ಕೊರಿಯರ್ ದುಡ್ಡೋ ಕೇಳಿದರೆ ಅದು ನಕಲಿ ಪೇಜು, ರಿಪೋರ್ಟ್ ಮಾಡಿ.