‘ಸಂಪೂರ್ಣವಾಗಿ’ ಎಂದು ಕಂಡ ಕೂಡಲೇ ಗೀಟು ಹಾಕುವವರಿಗೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಕೆಲವು ಹುಡುಗರಿಗೆ ನಾನು ವಾರಕ್ಕೆರಡು ಸಂಜೆ ಗದ್ಯಭಾಗದ ಪ್ರಶ್ನೆಗಳನ್ನು ಬಿಡಿಸುವುದನ್ನು ಹೇಳಿಕೊಡುತ್ತೇನೆ. ಕಳೆದ ತಿಂಗಳು ಅವರಲ್ಲೊಬ್ಬ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಗದ್ಯವನ್ನು ಓದದೆ ನೇರವಾಗಿ ಆಯ್ಕೆಗಳಿಗೆ ಹೋಗಿ, ‘ಸಂಪೂರ್ಣವಾಗಿ’, ‘ಯಾವಾಗಲೂ’, ‘ಎಲ್ಲ’, ‘ಎಂದಿಗೂ’ ಎಂಬ ಪದಗಳಿದ್ದ ಸಾಲುಗಳಿಗೆಲ್ಲ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದ. ಕೇಳಿದ್ದಕ್ಕೆ, ‘ಸರ್, ಎಕ್ಸ್‌ಟ್ರೀಮ್ ಆಪ್ಶನ್‌ಗಳನ್ನು ಮೊದಲು ಎಲಿಮಿನೇಟ್ ಮಾಡಬೇಕು ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ’ ಎಂದ. ಹೇಳಿದವರು ಸುಳ್ಳು ಹೇಳಿರಲಿಲ್ಲ. ಆದರೆ ಹೇಳಬೇಕಾದುದರಲ್ಲಿ ಅರ್ಧವನ್ನು ನುಂಗಿಕೊಂಡಿದ್ದರು.

ಈ ಉಪಾಯ ಎಲ್ಲಿಂದ ಹುಟ್ಟಿತು ಎಂಬುದನ್ನು ಪ್ರಶ್ನೆ ತಯಾರಿಸುವವರ ಕಡೆಯಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪಾಗಿರಬೇಕು, ಆದರೆ ನೋಡಿದ ಕೂಡಲೇ ತಪ್ಪೆಂದು ಕಾಣಬಾರದು. ಅದಕ್ಕೆ ಅತ್ಯಂತ ಸುಲಭವಾದ ದಾರಿಯೆಂದರೆ ಗದ್ಯದಲ್ಲಿರುವ ಒಂದು ನಿಜವಾದ ಮಾತನ್ನೇ ತೆಗೆದುಕೊಂಡು ಅದರ ಬಲವನ್ನು ಒಂದು ಹಂತ ಏರಿಸುವುದು. ‘ಬಹುತೇಕ’ ಎಂದಿದ್ದುದನ್ನು ‘ಎಲ್ಲ’ ಎಂದು, ‘ಒಂದು ಕಾರಣ’ ಎಂದಿದ್ದುದನ್ನು ‘ಏಕೈಕ ಕಾರಣ’ ಎಂದು ಮಾಡಿದರೆ, ಉಳಿದ ಪದಗಳೆಲ್ಲ ಗದ್ಯದ ಪದಗಳೇ ಆಗಿರುವುದರಿಂದ ಅವಸರದಲ್ಲಿ ಓದುವವನು ಮೋಸಹೋಗುತ್ತಾನೆ. ಹೀಗಾಗಿ ಅತಿಯ ಪದವು ಬಹಳ ಸಲ ತಪ್ಪು ಆಯ್ಕೆಯ ಗುರುತಾಗಿರುವುದು ನಿಜ. ಆದರೆ ಆ ಆಯ್ಕೆ ತಪ್ಪಾಗುವುದು ಪದದಿಂದಲ್ಲ. ಗದ್ಯ ಹೇಳಿದ್ದಕ್ಕಿಂತ ಹೆಚ್ಚು ಹೇಳಿದ್ದರಿಂದ. ಗದ್ಯವನ್ನು ಓದದೆ ಈ ಹೆಚ್ಚು-ಕಡಿಮೆಯನ್ನು ಅಳೆಯಲು ಸಾಧ್ಯವೇ ಇಲ್ಲ.

ಆ ಸಂಜೆ ನಾನೇ ಬರೆದು ಕೊಟ್ಟಿದ್ದ ಗದ್ಯ ಹೀಗಿತ್ತು: ‘ಹಿಂದೆ ಬೇಸಿಗೆಯಲ್ಲಿ ರೈತರು ಕೆರೆಯ ಹೂಳನ್ನು ಎತ್ತಿ ತಮ್ಮ ಹೊಲಗಳಿಗೆ ಹಾಕಿಕೊಳ್ಳುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಬಹುತೇಕ ಊರುಗಳಲ್ಲಿ ಈ ರೂಢಿ ನಿಂತಿತು. ಹೂಳು ತುಂಬಿದ ಕೆರೆಯಲ್ಲಿ ನೀರು ಕಡಿಮೆ ನಿಲ್ಲುತ್ತದೆ. ಅಂತರ್ಜಲ ಕುಸಿಯಲು ಇದೂ ಒಂದು ಕಾರಣ. ಸಮೀಕ್ಷೆ ಮಾಡಿದ ಹನ್ನೆರಡು ಕೆರೆಗಳಲ್ಲಿ ಒಂದರ ತೂಬೂ ಕೆಲಸ ಮಾಡುತ್ತಿರಲಿಲ್ಲ.’

ಗದ್ಯದ ಆಧಾರದ ಮೇಲೆ ಯಾವುದು ಸರಿ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿದ್ದವು.

ಅ) ಕೊಳವೆಬಾವಿಗಳು ಬಂದ ಮೇಲೆ ಹೂಳೆತ್ತುವ ರೂಢಿ ಸಂಪೂರ್ಣವಾಗಿ ನಿಂತುಹೋಯಿತು.
ಆ) ಕೆರೆಗಳಲ್ಲಿ ಹೂಳು ತುಂಬಿದ್ದರಿಂದಲೇ ಅಂತರ್ಜಲ ಕುಸಿದಿದೆ.
ಇ) ಸಮೀಕ್ಷೆಗೆ ಒಳಪಟ್ಟ ಎಲ್ಲ ಕೆರೆಗಳ ತೂಬುಗಳೂ ಕೆಲಸ ಮಾಡದ ಸ್ಥಿತಿಯಲ್ಲಿದ್ದವು.
ಈ) ಹೂಳು ಸಿಗದ ಕಾರಣ ಕೆಲವು ರೈತರ ಇಳುವರಿ ಕುಗ್ಗಿರಬಹುದು.

ನಮ್ಮ ಹುಡುಗ ‘ಸಂಪೂರ್ಣವಾಗಿ’ ಇದ್ದ ಅ ಮತ್ತು ‘ಎಲ್ಲ’ ಇದ್ದ ಇ ಎರಡನ್ನೂ ಹೊಡೆದುಹಾಕಿ, ಉಳಿದ ಎರಡರಲ್ಲಿ ಸೌಮ್ಯವಾಗಿ ಕಂಡ ಈ ಎಂಬುದನ್ನು ಗುರುತಿಸಿದ್ದ. ಸರಿಯುತ್ತರ ಇ. ಗದ್ಯದ ಕೊನೆಯ ವಾಕ್ಯವೇ ಅತಿಯ ವಾಕ್ಯ. ‘ಒಂದರ ತೂಬೂ ಕೆಲಸ ಮಾಡುತ್ತಿರಲಿಲ್ಲ’ ಎಂದರೆ ಹನ್ನೆರಡೂ ಕೆಟ್ಟಿದ್ದವು ಎಂದೇ ಅರ್ಥ. ಗದ್ಯವೇ ಗಟ್ಟಿಯಾಗಿ ಹೇಳಿದಾಗ ಆಯ್ಕೆಯೂ ಗಟ್ಟಿಯಾಗಿರುವುದರಲ್ಲಿ ದೋಷವಿಲ್ಲ. ಅ ಎಂಬುದನ್ನು ಹೊಡೆದದ್ದು ಸರಿಯೇ, ಆದರೆ ಅದಕ್ಕೆ ಕಾರಣ ಗದ್ಯದ ‘ಬಹುತೇಕ’ ಎಂಬ ಪದ. ಇನ್ನು ಈ ಎಂಬುದರಲ್ಲಿ ‘ಕೆಲವು’, ‘ಬಹುದು’ ಎಂಬ ಮೆತ್ತನೆಯ ಪದಗಳಿವೆ, ಆದರೆ ಇಳುವರಿಯ ಮಾತೇ ಗದ್ಯದಲ್ಲಿಲ್ಲ. ಅತಿಯ ಪದಗಳಿಗೆ ಹೆದರುವ ಅಭ್ಯರ್ಥಿಗಾಗಿ ಇಂಥ ಮೆತ್ತನೆಯ ಬೋನನ್ನು ಇಡುವುದು ಈಗ ಪ್ರಶ್ನೆಕಾರರಿಗೆ ಚೆನ್ನಾಗಿ ಗೊತ್ತಿದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಎಂಬ ಆಯ್ಕೆ. ಅದರಲ್ಲಿ ಪಟ್ಟಿಯ ಯಾವ ಪದವೂ ಇಲ್ಲದ ಕಾರಣ ಅದು ಹುಡುಗನ ಪೆನ್ಸಿಲಿನಿಂದ ತಪ್ಪಿಸಿಕೊಂಡಿತ್ತು. ಆದರೆ ‘ತುಂಬಿದ್ದರಿಂದಲೇ’ ಎಂಬಲ್ಲಿರುವ ಒಂದು ‘ಏ’ಕಾರ ಸಾಕು, ಅದು ಉಳಿದ ಕಾರಣಗಳನ್ನೆಲ್ಲ ಬಾಗಿಲಿನಿಂದ ಆಚೆ ಹಾಕುತ್ತದೆ. ಗದ್ಯ ಹೇಳಿದ್ದು ‘ಇದೂ ಒಂದು ಕಾರಣ’ ಎಂದು. ಅಲ್ಲಿ ‘ಊ’ ಇದೆ, ಇಲ್ಲಿ ‘ಏ’ ಇದೆ. ಅತಿಯ ಪದಗಳ ಪಟ್ಟಿಗಳು ಇಂಗ್ಲಿಷಿನಿಂದ ಬಂದವು. ಆ ಭಾಷೆಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಬಿಡಿಪದಗಳು ಮಾಡುತ್ತವೆ, ಕನ್ನಡದಲ್ಲಿ ಬಹಳ ಕಡೆ ಪದದ ಬಾಲದಲ್ಲಿ ಅಂಟಿಕೊಂಡಿರುವ ಒಂದು ಸ್ವರ ಮಾಡುತ್ತದೆ. ಕೆಪಿಎಸ್‌ಸಿಯ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯನ್ನು ಕನ್ನಡದಲ್ಲಿ ಓದಿ ಉತ್ತರಿಸುವವರು ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಬಾಲಗಳ ಮೇಲೆ ಕಣ್ಣಿಡುವುದು ಲೇಸು.

ನಿಷೇಧ ಬಂದಾಗ ತೊಡಕು ಇನ್ನೂ ಹೆಚ್ಚು. ‘ನೀರಾವರಿ ಯಾವಾಗಲೂ ಲಾಭ ತರುತ್ತದೆ’ ಎಂಬುದು ಅತಿಯ ಮಾತು. ‘ನೀರಾವರಿ ಯಾವಾಗಲೂ ಲಾಭ ತರುತ್ತದೆ ಎನ್ನಲಾಗದು’ ಎಂಬುದು ತೀರ ಸಂಯಮದ ಮಾತು, ಏಕೆಂದರೆ ಅದು ನಿಜವಾಗಲು ಒಂದೇ ಒಂದು ಅಪವಾದ ಸಾಕು. ಎರಡರಲ್ಲೂ ‘ಯಾವಾಗಲೂ’ ಇದೆ. ಪದವನ್ನಷ್ಟೇ ಹುಡುಕುವವನು ಎರಡನ್ನೂ ಹೊಡೆಯುತ್ತಾನೆ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತದೆ. ‘ಎಲ್ಲ ಕೆರೆಗಳೂ ತುಂಬಲಿಲ್ಲ’ ಎಂದರೆ ಒಂದೂ ತುಂಬಲಿಲ್ಲ ಎಂದೇ, ಅಥವಾ ಕೆಲವು ತುಂಬಿದವು, ಕೆಲವು ಇಲ್ಲ ಎಂದೇ? ಆಡುವಾಗ ದನಿಯ ಏರಿಳಿತದಿಂದ ತಿಳಿಯುತ್ತದೆ, ಅಚ್ಚಿನಲ್ಲಿ ತಿಳಿಯುವುದಿಲ್ಲ. ಇಂಥ ವಾಕ್ಯ ಎದುರಾದಾಗ, ಪತ್ರಿಕೆಯಲ್ಲಿ ಇಂಗ್ಲಿಷ್ ರೂಪವೂ ಇರುವುದರಿಂದ, ಆ ಒಂದು ವಾಕ್ಯವನ್ನು ಅಲ್ಲಿಯೂ ಓದಿನೋಡುವುದರಲ್ಲಿ ಸಂಕೋಚ ಬೇಡ.

ಯುಪಿಎಸ್‌ಸಿಯ ಸಿಸ್ಯಾಟ್ ಪತ್ರಿಕೆಯಲ್ಲಿ ಈ ತಪ್ಪಿಗೆ ಎಷ್ಟು ಬೆಲೆ ತೆರಬೇಕೆಂದು ಲೆಕ್ಕ ಹಾಕಬಹುದು. 80 ಪ್ರಶ್ನೆಗಳಿಗೆ 200 ಅಂಕ, ಅಂದರೆ ಪ್ರಶ್ನೆಗೆ 2.5, ತಪ್ಪಿಗೆ ಮೂರನೆಯ ಒಂದು ಪಾಲು, ಸುಮಾರು 0.83 ಅಂಕ ಹೋಗುತ್ತದೆ. ನಾಲ್ಕರಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ತಪ್ಪು ಆಯ್ಕೆಯನ್ನು ಸರಿಯಾಗಿ ತೆಗೆದುಹಾಕಿದರೆ ಪ್ರಶ್ನೆಗೆ ಕಾಲು ಅಂಕಕ್ಕಿಂತ ತುಸು ಹೆಚ್ಚು ಲಾಭ. ಆದರೆ ಹೊಡೆದದ್ದು ಸರಿಯುತ್ತರವೇ ಆಗಿದ್ದರೆ ಆಮೇಲೆ ಎಷ್ಟು ಯೋಚಿಸಿದರೂ 0.83 ಕಳೆದುಕೊಳ್ಳುವುದು ಖಚಿತ. ಅರ್ಹತೆಗೆ ಬೇಕಾದ 33 ಶೇಕಡಾದ ಅಂಚಿನಲ್ಲಿ ನಿಂತವರಿಗೆ ಇಂಥ ನಾಲ್ಕೈದು ಪ್ರಶ್ನೆಗಳು ಸಣ್ಣವಲ್ಲ.

ಹಾಗೆಂದು ಉಪಾಯವನ್ನೇ ಬಿಟ್ಟುಬಿಡಿ ಎನ್ನುತ್ತಿಲ್ಲ. ಲೇಖಕರ ಪೂರ್ವಗ್ರಹಿಕೆ ಯಾವುದು ಎಂದು ಕೇಳುವ ಪ್ರಶ್ನೆಗಳಲ್ಲಿ ಅದು ಬಹಳ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ವಾದ ನಿಲ್ಲಲು ಎಷ್ಟು ನಂಬಿಕೆ ಬೇಕೋ ಅಷ್ಟೇ ಪೂರ್ವಗ್ರಹಿಕೆ. ‘ಹೂಳೆತ್ತಿದರೆ ಕೆರೆಯಲ್ಲಿ ಹೆಚ್ಚು ನೀರು ನಿಲ್ಲುತ್ತದೆ, ಆದ್ದರಿಂದ ಹೂಳೆತ್ತಬೇಕು’ ಎಂಬ ವಾದಕ್ಕೆ ಹೆಚ್ಚು ನೀರು ನಿಲ್ಲುವುದು ಒಳ್ಳೆಯದೆಂಬ ನಂಬಿಕೆ ಸಾಕು. ಹೂಳೆತ್ತುವುದೊಂದೇ ದಾರಿ ಎಂಬ ನಂಬಿಕೆ ಬೇಕಿಲ್ಲ. ಅಲ್ಲಿ ‘ಒಂದೇ’, ‘ಮಾತ್ರ’ ಕಂಡರೆ ಸಂಶಯಪಡುವುದು ನ್ಯಾಯ. ಗದ್ಯ ನೇರವಾಗಿ ಏನು ಹೇಳಿತು ಎಂದು ಕೇಳುವಲ್ಲಿ ಮಾತ್ರ ಅದೇ ಸಂಶಯ ದಾರಿ ತಪ್ಪಿಸುತ್ತದೆ.

ಈಗ ನಮ್ಮ ಸಂಜೆಯ ಪಾಠದಲ್ಲಿ ಪೆನ್ಸಿಲು ಮೊದಲು ಗದ್ಯದ ಮೇಲೆ ಓಡುತ್ತದೆ. ‘ಬಹುತೇಕ’, ‘ಒಂದು ಕಾರಣ’, ‘ಒಂದರ ತೂಬೂ’ ಎಂಬಂಥವುಗಳ ಕೆಳಗೆ ಗೆರೆ ಎಳೆದ ಮೇಲೆಯೇ ಆಯ್ಕೆಗಳನ್ನು ನೋಡಬೇಕೆಂದು ಹೇಳಿದ್ದೇನೆ. ಇದಕ್ಕೆ ಗದ್ಯಕ್ಕೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ ಎಂದು ಅದೇ ಹುಡುಗ ಮೊನ್ನೆ ಗೊಣಗಿದ. ಗೊಣಗುತ್ತಲೇ, ನಾನು ಹೊಸದಾಗಿ ಬರೆದುಕೊಟ್ಟ ಪ್ರಶ್ನೆಯೊಂದರಲ್ಲಿ ಎರಡು ಆಯ್ಕೆಗಳೂ ಸರಿಯಾಗುತ್ತವೆ, ಒಂದರಲ್ಲಿ ‘ಏ’ ಹಾಕಲು ಮರೆತಿದ್ದೀರಿ ಸರ್ ಎಂದು ತೋರಿಸಿದ. ನೋಡಿದರೆ ನಿಜವಾಗಿಯೂ ಮರೆತಿದ್ದೆ.