‘ವ್ಯೂಸ್ ಆರ್ ಪರ್ಸನಲ್’ ಅಂತೆ!

ಲಿಂಕ್ಡ್‌ಇನ್ ಬಯೋದಲ್ಲಿ ‘ವ್ಯೂಸ್ ಆರ್ ಪರ್ಸನಲ್’ ಅಂತ ಒಂದು ಲೈನ್ ಹಾಕ್ಬಿಟ್ರೆ ಏನ್ ಬೇಕಾದ್ರೂ ಬರೀಬಹುದು ಅಂತ ನಮ್ಮ ಐಟಿ ಹುಡುಗ್ರಿಗೆ ಯಾರು ಹೇಳ್ಕೊಟ್ರೋ ಗೊತ್ತಿಲ್ಲ. ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೀನಿ, ಇನ್ನು ಸಿಗ್ನಲ್ ಜಂಪ್ ಮಾಡಿದ್ರೆ ಏನೂ ಆಗಲ್ಲ ಅನ್ನೋ ಥರ ಧೈರ್ಯ.

ಇವತ್ತು ನಡೆದಿದ್ದು ಕೇಳಿ. ಔಟರ್ ರಿಂಗ್ ರೋಡ್ ಕಡೆ ಆಫೀಸು, ಹೆಸ್ರು ಬೇಡ, ನನ್ನ ಗೊತ್ತಿರೋರಿಗೆ ಗೊತ್ತು. ಟೀಮಿನ ಒಬ್ಬ ಹುಡುಗ, ಒಳ್ಳೆ ಕೆಲಸಗಾರ, ಒಂದು ಪೋಸ್ಟ್ ಹಾಕ್ದ. ‘ನಾವು ಒಂದು ದೊಡ್ಡ ಬ್ಯಾಂಕಿನ ಪೇಮೆಂಟ್ ಸಿಸ್ಟಮ್ ಕ್ಲೌಡ್‌ಗೆ ಶಿಫ್ಟ್ ಮಾಡಿದ್ವಿ, ಕೊನೇ ವಾರದಲ್ಲಿ ಎರಡು ಸಲ ಡೌನ್ ಆಯ್ತು, ಆದ್ರೂ ಟೀಮ್ ಎದ್ದು ನಿಂತ್ಕೊಳ್ತು’ ಅಂತ. ಬ್ಯಾಂಕಿನ ಹೆಸ್ರು ಬರೆದಿರಲಿಲ್ಲ, ಪಾಪ, ಅಷ್ಟು ಜಾಗ್ರತೆ ಇತ್ತು. ಆದ್ರೆ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಕೊಂಡು ನಿಂತಿರೋದು ವೈಟ್‌ಬೋರ್ಡ್ ಮುಂದೆ, ಆ ಬೋರ್ಡ್ ಮೇಲೆ ನೀಲಿ ಮಾರ್ಕರ್‌ನಲ್ಲಿ ಬ್ಯಾಂಕಿನ ಶಾರ್ಟ್ ಹೆಸ್ರು, ಪಕ್ಕದಲ್ಲೇ ಮುಂದಿನ ಹಂತದ ಗೋ-ಲೈವ್ ಡೇಟು. ಝೂಮ್ ಮಾಡಿದ್ರೆ ಓದಬಹುದು. ಬ್ಯಾಂಕಿನವ್ರು ಝೂಮ್ ಮಾಡಿದ್ರು. ಮಧ್ಯಾಹ್ನ ಲೀಗಲ್‌ನಿಂದ ಮೇಲ್ ಬಂತು.

ಅವನು ನನ್ ಹತ್ರ ಬಂದು, ‘ಅಣ್ಣಾ, ಬಯೋದಲ್ಲಿ ಪರ್ಸನಲ್ ಅಂತ ಹಾಕಿದೀನಲ್ಲ?’ ಅಂದ.

ಲೇ, ಆ ಲೈನ್ ಹೇಳೋದು ‘ಈ ಅಭಿಪ್ರಾಯ ಕಂಪನಿದಲ್ಲ, ನಂದು’ ಅಂತ, ಅಷ್ಟೇ. ಬ್ಯಾಂಕಿನ ಹೆಸ್ರು ಅಭಿಪ್ರಾಯಾನಾ? ಸಿಸ್ಟಮ್ ಡೌನ್ ಆಗಿದ್ದು ಅಭಿಪ್ರಾಯಾನಾ? ಅದು ಮಾಹಿತಿ, ಅದೂ ಬೇರೆಯವ್ರದ್ದು. ಆಫೀಸಿನ ಗುಟ್ಟು ಹೊರಗೆ ಬಿಡಲ್ಲ ಅಂತ ನೀನು ಸೈನ್ ಹಾಕಿರೋ ಎನ್‌ಡಿಎ (ರಾಜಕೀಯದ್ದಲ್ಲ, ಆಫರ್ ಲೆಟರ್ ಜೊತೆ ಬಂದಿದ್ದು) ನಿನ್ನ ಬಯೋ ಓದಲ್ಲ. ಪೋಸ್ಟ್ ಡಿಲೀಟ್ ಮಾಡಿದ್ರೂ ಸ್ಕ್ರೀನ್‌ಶಾಟ್ ಹೋಗಿರುತ್ತೆ.

ಕಂಪನಿ ಷೇರು ಮಾರುಕಟ್ಟೇಲಿ ಲಿಸ್ಟ್ ಆಗಿದ್ರೆ ಇನ್ನೂ ಕಷ್ಟ. ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದ ಪ್ರಕಾರ, ಷೇರು ಬೆಲೆ ಮೇಲೆ ಪರಿಣಾಮ ಮಾಡೋ, ಇನ್ನೂ ಹೊರಗೆ ಬಿಡದಿರೋ ಮಾಹಿತಿನ ಕೆಲಸದ ಅಗತ್ಯ ಇಲ್ದೆ ಯಾರಿಗೂ ಹೇಳೋ ಹಾಗಿಲ್ಲ. ಷೇರು ಮಾರ್ಬೇಕು ಅಂತೇನಿಲ್ಲ, ಹೇಳೋದೇ ತಪ್ಪು. ರಿಸಲ್ಟ್ ಬರೋ ಮುಂಚೆ ‘ಭಾರಿ ಡೀಲ್ ಕ್ಲೋಸ್ ಮಾಡಿದ್ವಿ’ ಅಂತ ರಾಕೆಟ್ ಇಮೋಜಿ ಹಾಕೋ ಸೇಲ್ಸ್ ಮಹಾಶಯರು ಇದನ್ನ ಒಂದ್ಸಲ ಓದ್ಕೊಂಡ್ರೆ ಒಳ್ಳೇದು.

‘ವಾಕ್ ಸ್ವಾತಂತ್ರ್ಯ ಇಲ್ವಾ’ ಅಂತ ಯಾರೋ ಕಾಮೆಂಟ್ ಮಾಡೇ ಮಾಡ್ತೀರ. ಮಾಡಿ. ಪಾಲಿಸೀಲಿ ‘ಬ್ರ್ಯಾಂಡ್‌ಗೆ ಧಕ್ಕೆ ತರುವ ಯಾವುದೇ’ ಅಂತ ಅರ್ಧಂಬರ್ಧ ಬರೆದು ಎಲ್ಲಾನೂ ಅದರೊಳಗೆ ತುರುಕ್ತಾರೆ, ಅದು ನಂಗೂ ಕೋಪ ಬರಿಸುತ್ತೆ, ಅದರ ಬಗ್ಗೆ ಜಗಳ ಆಡೋಣ. ಆದ್ರೆ ಕ್ಲೈಂಟ್ ವೈಟ್‌ಬೋರ್ಡ್ ತೋರ್ಸೋಕೆ ಸ್ವಾತಂತ್ರ್ಯ ಹೋರಾಟ ಬೇಡ.

ಹಂಗಂತ ಬಾಯಿ ಮುಚ್ಕೊಂಡು ಕೂರಬೇಕಾ? ಇಲ್ಲ ಗುರು. ನಂಗೂ ಲೈಕ್ ಬಂದ್ರೆ ಖುಷಿ, ರಾತ್ರಿ ಎದ್ದು ನೋಡ್ಕೊಳೋ ಜಾತಿ ನಾನು. ಅದಕ್ಕೇ ಸಾಯಂಕಾಲ ಅವನ ಪಕ್ಕ ಕೂತು ಅದೇ ಪೋಸ್ಟ್ ತಿದ್ದಿಸಿದೆ. ಫೋಟೋ ತೆಗೆದುಹಾಕಿದ್ವಿ. ‘ನಾವು’ ಇದ್ದಲ್ಲೆಲ್ಲ ‘ನಾನು’ ಮಾಡಿದ್ವಿ, ಯಾಕಂದ್ರೆ ‘ನಾವು’ ಅಂದ ತಕ್ಷಣ ಕಂಪನಿ ವಕ್ತಾರನ ಥರ ಕೇಳುತ್ತೆ. ‘ದೊಡ್ಡ ಬ್ಯಾಂಕು’, ಡೌನ್ ಆಗಿದ್ದು, ಕೊನೇ ವಾರ, ಎಲ್ಲಾ ಹೋಯ್ತು. ಉಳಿದಿದ್ದು ಪಾಠ: ಹೊಸ ಸಿಸ್ಟಮ್‌ಗೆ ಶಿಫ್ಟ್ ಆಗೋ ಮುಂಚೆ ವಾಪಸ್ ಹಳೇದಕ್ಕೆ ಹೋಗೋ ದಾರೀನ ನಿಜವಾಗ್ಲೂ ಒಂದ್ಸಲ ನಡೆಸಿ ನೋಡ್ಬೇಕು, ಬರೀ ಡಾಕ್ಯುಮೆಂಟ್‌ನಲ್ಲಿದ್ರೆ ಸಾಲದು. ಉದಾಹರಣೆಗೆ ಒಂದು ಕಾಲ್ಪನಿಕ ದಿನಸಿ ಆ್ಯಪ್ ಹಾಕಿದ್ವಿ. ನಿಜ ಹೇಳ್ಲಾ, ಮೊದಲನೇದಕ್ಕಿಂತ ಇದೇ ಚೆನ್ನಾಗಿದೆ, ಕೆಲಸ ಗೊತ್ತಿರೋನು ಬರೆದಿದಾನೆ ಅಂತ ಕಾಣುತ್ತೆ.

ಇನ್ನು ಕಂಪನಿ ಪ್ರಾಡಕ್ಟ್ ಹೊಗಳೋದಿದ್ರೆ ‘ನಾನು ಅಲ್ಲೇ ಕೆಲಸ ಮಾಡ್ತೀನಿ’ ಅಂತ ಆ ಪೋಸ್ಟ್‌ನಲ್ಲೇ ಬರೀರಿ, ಬಯೋದಲ್ಲಿ ಹುಡುಕ್ಕೊಳ್ಳಲಿ ಅಂತ ಬಿಡಬೇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಬೈಯೋದಿದ್ರೆ ಧಾರಾಳವಾಗಿ ಬೈರಿ, ಆದ್ರೆ ಸೆಲ್ಫೀಲಿ ಕುತ್ತಿಗೇಲಿರೋ ಐಡಿ ಕಾರ್ಡ್ ತೆಗೆದು ಬೈರಿ.

ಅನುಮಾನ ಇದ್ರೆ ಕಮ್ಯುನಿಕೇಷನ್ಸ್ ಟೀಮ್‌ಗೆ ಡ್ರಾಫ್ಟ್ ಕಳಿಸಿ, ಓಕೆ ಅಂತ ಮೇಲ್‌ನಲ್ಲೇ ತಗೊಳ್ಳಿ, ಲಂಚ್‌ನಲ್ಲಿ ಬಾಯಿ ಮಾತಲ್ಲಿ ಅಲ್ಲ. ಅವ್ರು ಉತ್ತರ ಕೊಡೋಷ್ಟರಲ್ಲಿ ಟ್ರೆಂಡ್ ಮುಗಿದು ಮಣ್ಣಾಗಿರುತ್ತೆ, ಗೊತ್ತು. ಅವ್ರಿಗೆ ಬೈಯೋ ಪೋಸ್ಟ್ ಬೇರೆ ಇದೆ, ಅದನ್ನ ಇಲ್ಲಿ ಹಾಕೋಕಾಗಲ್ಲ.